ಇನ್ನೂರು ಕಿಲೋಮೀಟರ್ ಸೈಕಲ್: ಕಾಲಿಗಿಂತ ಮೊದಲು ಸೋಲೋದು ಹೊಟ್ಟೆ ಮತ್ತು ಸೀಟು

ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವವನು ಒಂದೇ ದಿನ 200 ಕಿಲೋಮೀಟರ್ ಸೈಕಲ್ ತುಳೀತೀನಿ ಅಂದ್ರೆ ಎಲ್ಲರೂ ಮೊದಲು ಕೇಳೋದು, "ಕಾಲು ನೋಯಲ್ವಾ?" ಅಂತ. ನಿಜ ಹೇಳಬೇಕಂದ್ರೆ ಕಾಲು ಅಷ್ಟು ಬೇಗ ಕೈಕೊಡೋದಿಲ್ಲ. ವಾರಕ್ಕೆ ಮೂರು ಸಲ ತುಳಿಯುತ್ತಾ, ಎಂಟು ಹತ್ತು ವಾರಗಳಲ್ಲಿ ಭಾನುವಾರದ ಸವಾರಿಯನ್ನು 50 ಕಿಲೋಮೀಟರ್‌ನಿಂದ 130ರವರೆಗೆ ನಿಧಾನವಾಗಿ ಏರಿಸಿಕೊಂಡವರ ಕಾಲು 200ಕ್ಕೂ ತಯಾರಾಗಿರುತ್ತೆ. ಅರ್ಧ ದಾರಿಯಲ್ಲಿ ನಿಲ್ಲಿಸಿ ಗೂಡ್ಸ್ ಆಟೋ ಹುಡುಕುವ ಹಾಗೆ ಮಾಡೋದು ಬೇರೆ ಮೂರು ವಿಷಯ: ಬೆಳಿಗ್ಗೆಯ ಅತಿವೇಗ, ಖಾಲಿ ಹೊಟ್ಟೆ ಮತ್ತು ಹೊಂದದ ಸೀಟು. ಕಳೆದ ಜನವರಿಯಲ್ಲಿ ನಾನು ಮತ್ತು ಇಬ್ಬರು ಗೆಳೆಯರು ಬೆಂಗಳೂರಿನಿಂದ ಬಾಗೇಪಲ್ಲಿ ದಾಟಿ ವಾಪಸ್ ಬಂದೆವು. ಅದಕ್ಕೆ ಮಾಡಿಕೊಂಡ ತಯಾರಿಯನ್ನೇ ಇಲ್ಲಿ ಹೇಳ್ತೀನಿ.

ನಕ್ಷೆ ನೋಡಿ ಗಂಟೆ ಹಂಚಿದ್ದು

ದೂರದ ಸವಾರಿ ಮಾಡುವವರ ಲೋಕದಲ್ಲಿ 'ಬ್ರೆವೆ' ಅನ್ನೋ ಒಂದು ಪದ್ಧತಿ ಇದೆ. ಇದು ಫ್ರಾನ್ಸ್‌ನಿಂದ ಬಂದದ್ದು. ಇದರಲ್ಲಿ ಮೊದಲು ಬಂದವರಿಗೆ ಬಹುಮಾನ ಇಲ್ಲ, ಗಡುವಿನೊಳಗೆ ಮುಗಿಸಿದ್ರೆ ಆಯ್ತು. 200 ಕಿಲೋಮೀಟರ್‌ಗೆ ಗಡುವು 13 ಗಂಟೆ 30 ನಿಮಿಷ. ಊಟ, ಪಂಕ್ಚರ್, ಟೀ ಎಲ್ಲ ಅದರಲ್ಲೇ ಬರಬೇಕು. ನಾವು ಹೋಗಿದ್ದು ನಮ್ಮಷ್ಟಕ್ಕೆ ನಾವೇ, ಆದರೆ ಗಡುವು ಮಾತ್ರ ಅದನ್ನೇ ಇಟ್ಟುಕೊಂಡೆವು. ಬೆಳಿಗ್ಗೆ 5 ಗಂಟೆಗೆ ಹೊರಟರೆ ಸಂಜೆ 6.30ರೊಳಗೆ ಮನೆ ಸೇರಬೇಕು.

ನನ್ನ ಹೆಂಡತಿ ಇದಕ್ಕೆ ಇನ್ನೊಂದು ಗಡುವು ಸೇರಿಸಿದಳು. "ವಾಪಸ್ ಬರ್ತಾ ಮಧ್ಯಾಹ್ನ ಒಂದೂವರೆಗೆ ನೀವು ಚಿಕ್ಕಬಳ್ಳಾಪುರದಲ್ಲಿ ಇರ್ಬೇಕು. ಇಲ್ಲಾಂದ್ರೆ ಅಲ್ಲಿಂದಲೇ ಸೈಕಲ್ ಗಾಡಿಗೆ ಹಾಕ್ಕೊಂಡು ಬನ್ನಿ. ಸುಸ್ತಾದೋರು ಕತ್ತಲಲ್ಲಿ ಹೈವೇ ಮೇಲೆ ತುಳಿಯೋದು ಬೇಡ." ವಾದ ಮಾಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಲೆಕ್ಕದ ಪ್ರಕಾರವೂ ಅವಳ ಮಾತು ಸರಿಯಾಗೇ ಇತ್ತು.

ಆ ಲೆಕ್ಕ ಹೀಗಿದೆ. ನಮ್ಮ ಮನೆಯಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ 55 ಕಿಲೋಮೀಟರ್. ಅಲ್ಲಿಂದ ಪೇರೇಸಂದ್ರ, ಬಾಗೇಪಲ್ಲಿ ದಾಟಿ ಆಂಧ್ರದ ಗಡಿ ಕಡೆಗೆ ಇನ್ನೊಂದು 45. ಬೆಂಗಳೂರು, ಚಿಕ್ಕಬಳ್ಳಾಪುರ ಎರಡೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಬಾಗೇಪಲ್ಲಿ ಇರೋದು ಸುಮಾರು 700ರಲ್ಲಿ. ಅಂದ್ರೆ ಹೋಗ್ತಾ ಎರಡನೇ ತುಂಡು ಒಟ್ಟಾರೆ ಇಳಿಜಾರು. ಬೆಳಗಿನ ತಂಪು, ಇಳಿಯುವ ರಸ್ತೆ, ಹೊಸ ಹುರುಪು, ಮೂರೂ ಸೇರಿದ್ರೆ ಗಂಟೆಗೆ 27–28 ಕಿಲೋಮೀಟರ್ ವೇಗ ಸುಲಭವಾಗಿ ಬರುತ್ತೆ. ಆದರೆ ಅದು ಸಾಲದ ವೇಗ. ಇಳಿದ ಅದೇ 200 ಮೀಟರ್ ಎತ್ತರವನ್ನು ಮಧ್ಯಾಹ್ನದ ಬಿಸಿಲಲ್ಲಿ ವಾಪಸ್ ಹತ್ತಬೇಕು. ರಸ್ತೆಯ ಸಣ್ಣಪುಟ್ಟ ಏರಿಳಿತ ಬೇರೆ.

ಹಾಗಾಗಿ 'ಸರಾಸರಿ 20' ಅಂತ ಒಂದೇ ಸಂಖ್ಯೆ ಇಟ್ಟುಕೊಳ್ಳದೆ ನಾಲ್ಕು ತುಂಡಿಗೆ ನಾಲ್ಕು ವೇಗ ಬರೆದುಕೊಂಡೆ. ಮೊದಲ 55ಕ್ಕೆ ಗಂಟೆಗೆ 21, ಇಳಿಜಾರಿನ 45ಕ್ಕೆ 23–24, ಹತ್ತುವ 45ಕ್ಕೆ 17, ಕೊನೆಯ 55ಕ್ಕೆ 18ರ ಆಸುಪಾಸು. ತುಳಿಯೋಕೆ ಸುಮಾರು 10 ಗಂಟೆ 10 ನಿಮಿಷ, ನಿಲ್ಲೋದಕ್ಕೆ 1 ಗಂಟೆ 40 ನಿಮಿಷ. ಹನ್ನೆರಡು ಗಂಟೆಯೊಳಗೆ ಮುಗಿಯುತ್ತೆ, ಒಂದೂವರೆ ಗಂಟೆ ಕೈಯಲ್ಲಿ ಉಳಿಯುತ್ತೆ. ಹೊಸಬರ ಸಮಯ ಹೆಚ್ಚಾಗಿ ಕಳೆದುಹೋಗೋದು ತುಳಿಯುವಾಗ ಅಲ್ಲ, ನಿಂತಾಗ. ಹತ್ತು ನಿಮಿಷದ ಟೀ ಮಾತಾಡ್ತಾ ಮಾತಾಡ್ತಾ ಅರ್ಧ ಗಂಟೆ ಆಗುತ್ತೆ. ಆ ಇಪ್ಪತ್ತು ನಿಮಿಷವನ್ನು ಜೋರಾಗಿ ತುಳಿದು ಮತ್ತೆ ಗಳಿಸೋದು ಬಹಳ ಕಷ್ಟ.

ವೇಗ ಸರಿ ಇದೆಯಾ ಅಂತ ನೋಡೋಕೆ ದುಬಾರಿ ಗ್ಯಾಜೆಟ್ ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕಾದ್ರೆ ವೇಗ ಸರಿಯಿದೆ. ಎರಡು ಪದಕ್ಕೊಮ್ಮೆ ಉಸಿರು ಎಳೀತಿದ್ರೆ ಹೆಚ್ಚಾಗಿದೆ ಅಂತ ಅರ್ಥ. ಏರು ಬಂದಾಗ ಗೇರ್ ಇಳಿಸಿ ಅದೇ ಉಸಿರಲ್ಲಿ ಹತ್ತಬೇಕು, ಮೀಟರ್ 11 ತೋರಿಸಿದ್ರೂ ಪರವಾಗಿಲ್ಲ. ಏರಿನಲ್ಲಿ ದಮ್ಮು ಕಟ್ಟಿ ತುಳಿದು ಉಳಿಸೋದು ಎರಡು ನಿಮಿಷ. ಅದರ ಬೆಲೆ ಮಧ್ಯಾಹ್ನ ಗೊತ್ತಾಗುತ್ತೆ.

ಸೀಟಿನ ವಿಷಯ, ಸಂಕೋಚ ಇಲ್ಲದೆ

ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಹತ್ತು ಗಂಟೆ ಕೂರೋದು ಅದರ ಮೇಲೇ. ಈ ಕೆಲಸ ಸವಾರಿಗೆ ಆರೇಳು ವಾರ ಮೊದಲೇ ಶುರುವಾಗಬೇಕು.

ಮೆತ್ತಗಿದ್ರೆ ಆರಾಮ ಅಂತ ಜೆಲ್ ಕವರ್ ಹಾಕಿಸೋದು ಸಾಮಾನ್ಯ. ಅರ್ಧ ಗಂಟೆಯ ಸವಾರಿಗೆ ಅದು ಚೆನ್ನಾಗೇ ಇರುತ್ತೆ. ನಾಲ್ಕೈದು ಗಂಟೆ ಕೂತಾಗ ಕಥೆ ಬೇರೆ. ನಾವು ಕೂರೋದು ಪೃಷ್ಠದ ಒಳಗಿರುವ ಎರಡು ಮೂಳೆಗಳ ಮೇಲೆ. ತೀರಾ ಮೆತ್ತನೆಯ ಸೀಟಿನಲ್ಲಿ ಆ ಮೂಳೆಗಳು ಕೆಳಗೆ ಹೂತುಹೋಗ್ತವೆ, ಮಧ್ಯದ ಮೆತ್ತೆ ಉಬ್ಬಿ ಮೃದುವಾದ ಜಾಗದ ನರ, ರಕ್ತನಾಳಗಳನ್ನು ಒತ್ತುತ್ತೆ. ಮೂಳೆಗೆ ಸರಿಯಾಗಿ ಆಧಾರ ಕೊಡುವ, ಸ್ವಲ್ಪ ಗಟ್ಟಿಯಾದ, ತಕ್ಕ ಅಗಲದ ಸೀಟೇ ದೂರಕ್ಕೆ ವಾಸಿ.

ಅಗಲ ತಿಳ್ಕೊಳ್ಳೋಕೆ ಸೈಕಲ್ ಅಂಗಡಿಯ ಅಣ್ಣ ಒಂದು ಉಪಾಯ ಹೇಳಿಕೊಟ್ಟರು. ಪಾರ್ಸೆಲ್ ಡಬ್ಬದ ರಟ್ಟನ್ನು ಗಟ್ಟಿ ಸ್ಟೂಲ್ ಮೇಲಿಟ್ಟು, ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು, ಸ್ವಲ್ಪ ಮುಂದೆ ಬಾಗಿ, ಕಾಲನ್ನು ಸ್ವಲ್ಪ ಮೇಲೆತ್ತಿ ಅರ್ಧ ನಿಮಿಷ ಇರಬೇಕು. ಎದ್ದು ನೋಡಿದ್ರೆ ರಟ್ಟಿನ ಮೇಲೆ ಎರಡು ಗುಳಿ ಕಾಣುತ್ತೆ. ಅವುಗಳ ನಡುಬಿಂದುಗಳ ನಡುವಿನ ದೂರಕ್ಕೆ 20ರಿಂದ 25 ಮಿಲಿಮೀಟರ್ ಸೇರಿಸಿದ್ರೆ ಸುಮಾರಾಗಿ ಸೀಟಿನ ಅಗಲ ಸಿಗುತ್ತೆ. ನನ್ನದು 118 ಬಂತು, 143 ಮಿಲಿಮೀಟರ್ ಅಗಲದ ಸೀಟು ತಗೊಂಡೆ. ಇದು ಶುರು ಮಾಡೋಕೆ ಒಂದು ಅಂದಾಜು ಅಷ್ಟೇ. ಅಂತಿಮ ಉತ್ತರ ಸಿಗೋದು ಮೂರು ಗಂಟೆ ಕೂತ ಮೇಲೆ.

ಆಮೇಲೆ ಎತ್ತರ. ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಪೆಡಲ್ ಅನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಪಾದದ ಮುಂಭಾಗ ಇಟ್ಟು ತುಳಿಯುವಾಗ ಆಗ ಮೊಣಕಾಲು ಸ್ವಲ್ಪ ಬಗ್ಗಿರುತ್ತೆ. ಹಿಂದಿನಿಂದ ಒಬ್ಬರಿಗೆ ನೋಡೋಕೆ ಹೇಳಿ. ತುಳಿಯುವಾಗ ಸೊಂಟ ತಕ್ಕಡಿ ಥರ ಆಚೆ ಈಚೆ ವಾಲ್ತಿದ್ರೆ ಸೀಟು ಎತ್ತರವಾಗಿದೆ. ಹೀಗೆ ವಾಲಿದಾಗ ಪ್ರತಿ ತುಳಿತಕ್ಕೂ ಚರ್ಮ ಉಜ್ಜುತ್ತೆ. ಗಂಟೆಗೆ ನಾಲ್ಕೈದು ಸಾವಿರ ತುಳಿತ ಅಂತ ಲೆಕ್ಕ ಹಾಕಿದ್ರೆ ಏನಾಗುತ್ತೆ ಅಂತ ನೀವೇ ಊಹಿಸಿ.

ನೋವು ಬಂದಾಗ ಅದು ಯಾವ ನೋವು ಅಂತ ಗುರುತಿಸೋದೇ ಮುಖ್ಯ. ಕೂರುವ ಮೂಳೆಯ ಜಾಗದಲ್ಲಿ ಜಜ್ಜಿದ ಹಾಗೆ ನೋವಿದ್ದು, ಎರಡು ಮೂರು ವಾರದಲ್ಲಿ ಕಡಿಮೆ ಆಗ್ತಾ ಬಂದ್ರೆ ಅದು ದೇಹ ಒಗ್ಗಿಕೊಳ್ತಿರೋ ಗುರುತು. ತೊಡೆ ಸಂದಿಯಲ್ಲಿ ಉರಿ, ಕೆಂಪು ಇದ್ದರೆ ಅದು ಉಜ್ಜಾಟ. ಚಡ್ಡಿಯ ಹೊಲಿಗೆ, ಬೆವರು ಅಥವಾ ಸೀಟಿನ ಎತ್ತರ ಕಾರಣ ಇರಬಹುದು. ಮೂರನೆಯದು ಮರಗಟ್ಟೋದು. ಇದನ್ನು 'ಆಮೇಲೆ ನೋಡೋಣ' ಅಂತ ಬಿಡಬಾರದು. ನರದ ಮೇಲೆ ಒತ್ತಡ ಬೀಳ್ತಿದೆ ಅಂತ ಅರ್ಥ. ತಕ್ಷಣ ಎದ್ದು ನಿಂತು ತುಳಿಯಬೇಕು, ಮನೆಗೆ ಬಂದು ಸೀಟಿನ ಮೂತಿ ಮೇಲೆ ಎದ್ದಿದೆಯಾ ಅಂತ ನೋಡಬೇಕು. ಎಷ್ಟೋ ಸಲ ಮೂತಿಯನ್ನು ಸಮತಟ್ಟು ಮಾಡಿದ್ರೆ ಅಥವಾ ಒಂದೆರಡು ಡಿಗ್ರಿ ಕೆಳಗಿಳಿಸಿದ್ರೆ ಸರಿಹೋಗುತ್ತೆ. ಎಲ್ಲ ಸರಿಮಾಡಿದ ಮೇಲೂ ಮರಗಟ್ಟೋದು ನಿಲ್ಲದಿದ್ದರೆ ಸೀಟು ಬದಲಾಯಿಸಬೇಕು. ಇಳಿದು ಬಹಳ ಹೊತ್ತಾದರೂ ಸ್ಪರ್ಶ ವಾಪಸ್ ಬರದಿದ್ದರೆ ಡಾಕ್ಟರ್‌ಗೆ ತೋರಿಸಬೇಕು.

ಬಟ್ಟೆ ವಿಷಯದಲ್ಲಿ ಎರಡು ಮಾತು ಸಾಕು. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಇನ್ನೊಂದು ಒಳಉಡುಪು ಹಾಕಬಾರದು, ಅದರ ಹೊಲಿಗೆಯೇ ಚರ್ಮ ಸುಲಿಯುತ್ತೆ. ಉಜ್ಜುವ ಜಾಗಕ್ಕೆ ಹೊರಡುವ ಮೊದಲು ಪೆಟ್ರೋಲಿಯಂ ಜೆಲ್ಲಿಯನ್ನೋ ಅದಕ್ಕಂತಲೇ ಸಿಗುವ ಕ್ರೀಮನ್ನೋ ಹಚ್ಚಬೇಕು. ಇದರ ಜೊತೆಗೆ ಇನ್ನೊಂದು ಅಭ್ಯಾಸ ಮಾಡಿಕೊಂಡೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸೀಟಿನಿಂದ ಎದ್ದು ಹತ್ತಿಪ್ಪತ್ತು ಸೆಕೆಂಡ್ ನಿಂತು ತುಳಿಯೋದು. ಒತ್ತಿದ ಜಾಗಕ್ಕೆ ರಕ್ತ ಹರಿಯೋಕೆ ಅಷ್ಟು ಸಾಕು. ನೋವು ಶುರುವಾದ ಮೇಲೆ ಏಳೋದಲ್ಲ, ಮೊದಲಿಂದಲೇ ಏಳಬೇಕು. ಕೊನೆಯ ಎರಡು ವಾರ ಸೀಟನ್ನು ಮುಟ್ಟಲೇ ಇಲ್ಲ. ಸೀಟಿನ ಕೊಳವೆಗೆ ಒಂದು ಸುತ್ತು ಇನ್ಸುಲೇಶನ್ ಟೇಪ್ ಸುತ್ತಿ ಎತ್ತರದ ಗುರುತು ಮಾಡಿಟ್ಟೆ.

ಹಸಿವಾಗೋ ಮೊದಲೇ ತಿನ್ನೋದು

ದೇಹ ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯಂಶ ಎರಡು ಮೂರು ಗಂಟೆಯ ಗಟ್ಟಿ ದುಡಿಮೆಗೆ ಮುಗಿಯುತ್ತಾ ಬರುತ್ತೆ. ಕೊಬ್ಬು ಎಲ್ಲರಲ್ಲೂ ಬೇಕಾದಷ್ಟಿದೆ, ಆದರೆ ಅದು ನಿಧಾನಕ್ಕೆ ಉರಿಯುವ ಸೌದೆ. ಹಾಗಾಗಿ ಹೊರಗಿನಿಂದ ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗ್ತಾ ಇರಬೇಕು. ಅಭ್ಯಾಸ ಇಲ್ಲದ ಹೊಟ್ಟೆಗೆ ಇದಕ್ಕಿಂತ ಹೆಚ್ಚು ಸುರಿದ್ರೆ ವಾಕರಿಕೆ ಬರುತ್ತೆ.

ನಮ್ಮ ಲೆಕ್ಕಕ್ಕೆ ತಂದ್ರೆ ಇದು ಸುಲಭ. ಒಂದು ದೊಡ್ಡ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ, ಏಲಕ್ಕಿ ಬಾಳೆಯಲ್ಲಿ ಅದರ ಅರ್ಧ. ಮೂರು ಸಣ್ಣ ಖರ್ಜೂರ ಅಂದ್ರೆ ಸುಮಾರು 20. ಒಂದು ದೊಡ್ಡ ಚಮಚ ಸಕ್ಕರೆ 12 ಗ್ರಾಂ. ನಾನು ಎರಡು ಬಾಟಲಿ ಇಟ್ಟುಕೊಂಡಿದ್ದೆ. ಒಂದರಲ್ಲಿ ಬರೀ ನೀರು. ಇನ್ನೊಂದು 750 ಮಿಲಿಲೀಟರ್ ಬಾಟಲಿಗೆ ಮೂರು ದೊಡ್ಡ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ನಮ್ಮ ಮನೆಯ ಶರಬತ್ತೇ, ಉಪ್ಪು ಸ್ವಲ್ಪ ಮುಂದೆ. ಆ ಬಾಟಲಿಯನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿ, ಗಂಟೆಗೆ ಒಂದು ಏಲಕ್ಕಿ ಬಾಳೆ, ಮೂರು ಖರ್ಜೂರ ತಿಂದ್ರೆ 55 ಗ್ರಾಂ ಹತ್ತಿರ ಬರುತ್ತೆ. ಇಂಥ ಆಹಾರದಲ್ಲಿ ಕಡಲೆಕಾಯಿ ಚಿಕ್ಕಿಯನ್ನೂ ಕೆಲವರು ಹೇಳ್ತಾರೆ. ರುಚಿಗೆ ಚೆನ್ನ, ಆದರೆ ಕಡಲೆಕಾಯಿಯಲ್ಲಿ ಎಣ್ಣೆಯಂಶ ಹೆಚ್ಚು. ಹೊಟ್ಟೆಯಲ್ಲಿ ನಿಧಾನ ಕರಗುತ್ತೆ, ಅದರಲ್ಲೇ ಇಡೀ ದಿನ ಸಾಗಿಸೋಕಾಗಲ್ಲ.

ಫೋನಿನಲ್ಲಿ ಪ್ರತಿ 30 ನಿಮಿಷಕ್ಕೊಂದು ಅಲಾರಾಂ ಇಟ್ಟೆ. ಹಸಿವು ಬಂದಾಗ ತಿನ್ನೋಣ ಅನ್ನೋದು ಇಲ್ಲಿ ನಡೆಯಲ್ಲ, ಯಾಕಂದ್ರೆ ತಿಂದದ್ದು ಕಾಲಿಗೆ ತಲುಪೋಕೆ ಹೊತ್ತು ಬೇಕು. ಅಲಾರಾಂ ಹೊಡೆದಾಗಲೆಲ್ಲ ಎರಡು ಗುಟುಕು, ಎರಡು ತುತ್ತು. ಹಣ್ಣನ್ನು ಜೆರ್ಸಿಯ ಬೆನ್ನ ಜೇಬಲ್ಲಿ ಇಟ್ಟುಕೊಂಡು, ಒಂದು ಕೈಯಲ್ಲಿ ತೆಗೆದು ಹಲ್ಲಲ್ಲಿ ಸಿಪ್ಪೆ ಬಿಡಿಸೋದನ್ನು ಭಾನುವಾರಗಳಂದು ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿದ್ದೆ. ಹೈವೇ ಮೇಲೆ ಲಾರಿಗಳ ಪಕ್ಕದಲ್ಲಿ ಮೊದಲ ಸಲ ಕಲಿಯುವ ವಿದ್ಯೆ ಅಲ್ಲ ಅದು. ಕೈ ಬಿಡೋಕೆ ಧೈರ್ಯ ಇಲ್ಲದವರು ಒಂದು ನಿಮಿಷ ನಿಂತು ತಿನ್ನಲಿ, ಅರ್ಧ ಗಂಟೆಗೊಂದು ನಿಮಿಷ ಅಂದ್ರೂ ಇಡೀ ದಿನಕ್ಕೆ ಇಪ್ಪತ್ತೇ ನಿಮಿಷ.

ನೀರೂ ಹಾಗೇ. ಜನವರಿಯಲ್ಲಿ ಗಂಟೆಗೆ ಅರ್ಧ ಲೀಟರ್, ಬಿಸಿಲೇರಿದ ಮೇಲೆ ಮುಕ್ಕಾಲು. ಅತಿಯಾಗಿ ಬರೀ ನೀರು ಕುಡಿಯೋದೂ ಅಪಾಯವೇ, ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತೆ. ತಲೆನೋವು, ವಾಕರಿಕೆ, ಬೆರಳು ಊದಿಕೊಂಡು ಉಂಗುರ ಬಿಗಿಯಾಗೋದು ಕಂಡ್ರೆ ಇನ್ನಷ್ಟು ನೀರು ಕುಡಿಯಬಾರದು.

ಪೇರೇಸಂದ್ರದ ಆ ಅರ್ಧ ಗಂಟೆ

ಹೊರಟಿದ್ದು 5 ಗಂಟೆಗೆ. ಹೊತ್ತು ಮೂಡೋಕೆ ಇನ್ನೂ ಒಂದೂವರೆ ಗಂಟೆ ಇದ್ದುದರಿಂದ ಹಿಂದೆ ಮುಂದೆ ದೀಪ, ಹೆಲ್ಮೆಟ್, ಬೆಳಕಿಗೆ ಮಿನುಗುವ ಜಾಕೆಟ್. ಚಿಕ್ಕಬಳ್ಳಾಪುರ ತಲುಪಿದಾಗ 7.40. ನಾನು ಮೂರು ಇಡ್ಲಿ, ಒಂದು ಟೀ ತಗೊಂಡೆ. ಮೂವರಲ್ಲಿ ಏರು ಹತ್ತೋದರಲ್ಲಿ ಎಲ್ಲರಿಗಿಂತ ಗಟ್ಟಿಗನಾದ ಗೆಳೆಯ ಪೂರಿ ಸಾಗು, ಮೇಲೊಂದು ಮಸಾಲೆ ದೋಸೆ ತಿಂದ. "ಇಷ್ಟು ತಿಂದ್ಮೇಲೆ ಮಧ್ಯಾಹ್ನದವರೆಗೂ ಏನೂ ಬೇಡ ಕಣೋ" ಅಂದ. ಇಳಿಜಾರಿನಲ್ಲಿ ಅವನು ಕಣ್ಣಿಗೆ ಕಾಣದಷ್ಟು ಮುಂದೆ ಹೋದ. ನಾವಿಬ್ಬರು 10 ಗಂಟೆಗೆ ತಿರುಗುವ ಜಾಗ ಮುಟ್ಟಿದಾಗ ಅವನು ಆಗಲೇ ಮರದಡಿ ಕೂತು ಕಾಲುಗಂಟೆ ಆಗಿತ್ತು.

ವಾಪಸ್ ಬರ್ತಾ ಸುಮಾರು 125ನೇ ಕಿಲೋಮೀಟರ್, ಪೇರೇಸಂದ್ರದ ಹತ್ತಿರ, ಅವನು ಹಿಂದೆ ಬಿದ್ದ. ದಿನವಿಡೀ ಮಾತಾಡುವವನು ಸುಮ್ಮನಾಗಿದ್ದ. "ನೀರು ಬೇಕೇನೋ?" ಅಂದ್ರೆ ಸಿಡುಕಿದ. ಬಾಟಲಿಯ ಮುಚ್ಚಳ ತಿರುಗಿಸುವಾಗ ಕೈ ನಡುಗ್ತಿತ್ತು, ಬಿಸಿಲಲ್ಲಿ ನಿಂತು ಚಳಿ ಅಂತಿದ್ದ. ಎಷ್ಟು ಕಿಲೋಮೀಟರ್ ಉಳಿದಿದೆ ಅಂತ ಕೇಳಿದೆ. 200ರಲ್ಲಿ 125 ಕಳೆಯೋಕೆ ತಡವರಿಸಿದ. ಸಕ್ಕರೆ ಖಾಲಿಯಾದಾಗ ಕಾಣುವ ಲಕ್ಷಣಗಳೇ ಇವು. ಕಾಲು ದಣಿದಿದ್ರೆ ಕಾಲಷ್ಟೇ ಹೇಳುತ್ತೆ, ಸಕ್ಕರೆ ಮುಗಿದ್ರೆ ಮನುಷ್ಯನ ಸ್ವಭಾವವೇ ಬದಲಾಗುತ್ತೆ. ಮೈ ಸುಡುವಷ್ಟು ಬಿಸಿಯಾಗಿ ಮಾತು ತೊದಲಿದ್ದರೆ ನಾವು ಅಲ್ಲಿಂದಲೇ ಆಸ್ಪತ್ರೆಗೆ ಹೊರಡ್ತಿದ್ವಿ.

ನೆರಳಿಗೆ ಕೂರಿಸಿ ನನ್ನ ಶರಬತ್ತು ಪೂರ್ತಿ ಕುಡಿಸಿದೆವು, ಅಂಗಡಿಯಿಂದ ಎರಡು ಬಾಳೆಹಣ್ಣು, ಒಂದು ಸಣ್ಣ ಬಾಟಲಿ ಕೂಲ್‌ಡ್ರಿಂಕ್ ತಂದೆವು. ಎಣ್ಣೆ ತಿಂಡಿ ಇಲ್ಲ, ಆಗ ಬೇಕಾಗಿದ್ದು ಬೇಗ ಕರಗುವ ಸಕ್ಕರೆ ಮಾತ್ರ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಖಕ್ಕೆ ಬಣ್ಣ ಬಂತು, ಅವನೇ ಒಂದು ಜೋಕ್ ಹೊಡೆದ. ಆದರೂ ತಕ್ಷಣ ವೇಗ ಹೆಚ್ಚಿಸಲಿಲ್ಲ. ಅವನನ್ನು ಮಧ್ಯದಲ್ಲಿ ಇಟ್ಟುಕೊಂಡು ಗಂಟೆಗೆ 15–16ರಲ್ಲಿ ಹೊರಟೆವು, ಹತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಸ್ತಾ.

ಚಿಕ್ಕಬಳ್ಳಾಪುರಕ್ಕೆ ಬಂದಾಗ 1.25. ಹೆಂಡತಿಯ ಗಡುವಿಗೆ ಐದೇ ನಿಮಿಷ ಬಾಕಿ. ಅವಳಿಗೆ ಫೋನ್ ಮಾಡಿ ಇದ್ದದ್ದನ್ನೆಲ್ಲ ಹೇಳಿದೆ. "ಅವ್ರು ಹೇಗಿದಾರೆ? ಅವ್ರ ಕೈಗೇ ಫೋನ್ ಕೊಡಿ" ಅಂದಳು. ಅವನ ಜೊತೆ ಎರಡು ನಿಮಿಷ ಮಾತಾಡಿ, ದನಿ ಸರಿಯಿದೆ ಅಂತ ಖಾತ್ರಿಯಾದ ಮೇಲೆ "ಸರಿ, ಬನ್ನಿ" ಅಂದಳು. ಊಟಕ್ಕೆ ಇಟ್ಟಿದ್ದ 40 ನಿಮಿಷವನ್ನು 30ಕ್ಕೆ ಇಳಿಸಿದೆವು. ಮೊಸರನ್ನ, ಉಪ್ಪಿನಕಾಯಿ, ಅದೂ ಅರ್ಧ ಹೊಟ್ಟೆ. ಕೊನೆಯ 55 ಕಿಲೋಮೀಟರ್‌ನಲ್ಲಿ ಒಮ್ಮೆ ಮಾತ್ರ, ದೇವನಹಳ್ಳಿ ಹತ್ತಿರ ಕಾಲುಗಂಟೆ ನಿಂತೆವು. ಮನೆ ಗೇಟಿಗೆ ಬಂದಾಗ 5.15. ಒಟ್ಟು 12 ಗಂಟೆ 15 ನಿಮಿಷ. ನಕ್ಷೆ ನೋಡುವಾಗ ಕೈಯಲ್ಲಿ ಉಳಿಸಿಕೊಂಡಿದ್ದ ಒಂದೂವರೆ ಗಂಟೆಯ ಬೆಲೆ ಗೊತ್ತಾಗಿದ್ದು ಪೇರೇಸಂದ್ರದಲ್ಲಿ. ಅದು ಇಲ್ಲದಿದ್ರೆ ಗೆಳೆಯ ಚೇತರಿಸಿಕೊಳ್ಳೋ ಮೊದಲೇ ಅವನನ್ನು ಎಬ್ಬಿಸಬೇಕಾಗ್ತಿತ್ತು, ಇಲ್ಲಾ ಗಾಡಿ ಕರೆಯಬೇಕಾಗ್ತಿತ್ತು.

ಹೊರಡುವ ಮೊದಲು ಮತ್ತು ಬಂದ ಮೇಲೆ ತೂಕ ನೋಡಿಕೊಂಡಿದ್ದೆ. 71ರಿಂದ 69.9ಕ್ಕೆ ಬಂದಿತ್ತು. ತೂಕದ ನೂರರಲ್ಲಿ ಎರಡು ಪಾಲಿನೊಳಗೆ ಇಳಿದಿದ್ರೆ ನೀರು ಕುಡಿದದ್ದು ಸಾಕಾಗಿದೆ ಅಂತ ಅರ್ಥ. ಹೊರಟಾಗಿನದಕ್ಕಿಂತ ತೂಕ ಹೆಚ್ಚಾಗಿದ್ರೆ ಕುಡಿದದ್ದು ಅತಿಯಾಗಿದೆ. ಸೋಮವಾರ ಆಫೀಸಿನ ಕುರ್ಚಿಯಲ್ಲಿ ಹತ್ತು ಗಂಟೆಯ ಮೀಟಿಂಗ್‌ಗೆ ಮಗ್ಗುಲು ಬದಲಿಸದೆ ಕೂತಿದ್ದೆ. ತೊಡೆ ಮಾತ್ರ ಮೆಟ್ಟಿಲು ಇಳಿಯುವಾಗ ಎರಡು ದಿನ ಗೊಣಗಿತು. ಗೆಳೆಯ ಈಗ ಭಾನುವಾರದ ಸವಾರಿಗೆ ಎರಡು ಬಾಟಲಿ ತರ್ತಾನೆ, ಒಂದರಲ್ಲಿ ಶರಬತ್ತು. ಅವನ ಫೋನ್ ಅರ್ಧ ಗಂಟೆಗೊಮ್ಮೆ ಹೊಡೆದುಕೊಳ್ಳುತ್ತೆ. ನಾವು ತಿನ್ನೋಕೆ ನೆನಪಿಟ್ಟುಕೊಳ್ಳುವ ಅಗತ್ಯವೇ ಈಗಿಲ್ಲ.